ಮುಳುಗಡೆ ಊರಿನ ಹಿರಿಯರಿಗೆ ಒಪ್ಪಿಗೆ ಪತ್ರ: ಹೆಬ್ಬೆಟ್ಟು ಕೇಳೋಕೆ ಮುಂಚೆ ಏನೇನು ಹೇಳ್ಬೇಕು

ಪ್ರಶ್ನೆ: ಮೇಡಂ, ನಾನು ಹಾಸನದವನು. ಹೇಮಾವತಿ ಡ್ಯಾಮ್‌ನಿಂದ ಊರು ಬಿಟ್ಟ ಹಿರಿಯರ ಜೀವನದ ಕಥೆ ರೆಕಾರ್ಡ್ ಮಾಡಿ ಒಂದು ಆರ್ಕೈವ್‌ಗೆ ಕೊಡ್ಬೇಕು ಅಂತಿದೀನಿ. ಆರ್ಕೈವ್‌ನವರು ಕೊಟ್ಟಿದ್ದ ಇಂಗ್ಲಿಷ್ ಕನ್ಸೆಂಟ್ ಫಾರಂನ ಕನ್ನಡಕ್ಕೆ ಮಾಡ್ದೆ, ಎರಡು ಪುಟ ಆಯ್ತು. ಓದಿ ಹೇಳಿದ್ರೆ ಎಲ್ರೂ ತಲೆ ಆಡಿಸ್ತಾರೆ, ಹೆಬ್ಬೆಟ್ಟು ಅಂದ ಕೂಡ್ಲೇ ಎದ್ದು ಹೋಗ್ತಾರೆ. ಪತ್ರನ ಹೇಗೆ ಬರೀಬೇಕು?

ಉತ್ತರ:

ನೀವು ಹೋಗ್ತಿರೋ ಮನೆಗಳಲ್ಲಿ ಕಾಗದ ಅಂದ್ರೆ ಏನು ಅಂತ ಮೊದ್ಲು ಯೋಚನೆ ಮಾಡಿ. ಗೊರೂರಿನ ಈ ಹೇಮಾವತಿ ಡ್ಯಾಮ್ ಮುಗಿದಿದ್ದು 1979ರಲ್ಲಿ, ಅದಕ್ಕೂ ಮುಂಚಿನ ವರ್ಷಗಳಲ್ಲಿ ಅವರ ಗದ್ದೆ, ಮನೆ, ತೆಂಗಿನ ಮರ ಎಲ್ಲ ಹೋಗಿದ್ದು ಕಾಗದದ ಮೇಲೇನೇ. ಯಾರೋ ಓದಿದವರು ಬ್ಯಾಗ್ ಹಾಕ್ಕೊಂಡು ಬಂದ್ರು, ಗಡಗಡ ಅಂತ ಓದಿದ್ರು, ಇಲ್ಲಿ ಒತ್ತಿ ಅಂದ್ರು. ನೀವು ಮಾಡ್ತಿರೋದೂ ನೋಡೋಕೆ ಹಾಗೇ ಇದೆ. ಅದೂ ಅಲ್ದೆ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಕೈಸುಟ್ಟುಕೊಂಡ ಮನೆಗಳೂ ಇರ್ತಾವೆ. ಹಾಗಾಗಿ ಎದ್ದು ಹೋಗೋರು ತಿಳುವಳಿಕೆ ಇಲ್ದೆ ಹೋಗ್ತಿಲ್ಲ, ಚೆನ್ನಾಗಿ ಗೊತ್ತಿದ್ದೇ ಹೋಗ್ತಿದಾರೆ. ನನಗೆ ಹೆದರಿಕೆ ಆಗೋದು ತಲೆ ಆಡಿಸ್ತಾರಲ್ಲ, ಅವರ ಬಗ್ಗೆ.

ಅದಕ್ಕೆ ಮೊದಲ ಕೆಲಸ, ಪತ್ರ ಬೇರೆ, ಹೆಬ್ಬೆಟ್ಟು ಬೇರೆ ಮಾಡಿ. ಪತ್ರ ಅವರ ಮನೇಲೇ ಉಳೀಬೇಕು, ಒಂದೇ ಪುಟ, ದಪ್ಪ ಅಕ್ಷರ, ಮೊಮ್ಮಗಳು ಜಗಲಿ ಮೇಲೆ ಕೂತು ಜೋರಾಗಿ ಓದಿದ್ರೆ ಕೇಳಿಸಿಕೊಳ್ಳೋ ಹಾಗಿರ್ಬೇಕು. ಒಪ್ಪಿಗೆನ ಎರಡು ಸಲ ಕೇಳಿ: ರೆಕಾರ್ಡ್ ಮಾಡ್ಬಹುದಾ ಅಂತ ಒಂದ್ಸಲ, ರೆಕಾರ್ಡ್ ಆಗಿದ್ದನ್ನ ಕೇಳಿಸಿದ ಮೇಲೆ ಇದನ್ನ ಯಾರ್ಯಾರಿಗೆ ಕೊಡ್ಬಹುದು ಅಂತ ಇನ್ನೊಂದ್ಸಲ. ಯಾಕಂದ್ರೆ ಮಾತು ಶುರು ಮಾಡೋಕೆ ಮುಂಚೆ ತಾನು ಏನು ಹೇಳ್ತೀನಿ ಅಂತ ಅಜ್ಜಿಗೇ ಗೊತ್ತಿರಲ್ಲ, ಗೊತ್ತಿಲ್ಲದ ಮಾತಿಗೆ ಮೊದಲೇ ಹೂಂ ಅನ್ನಿಸಿಕೊಂಡ್ರೆ ಅದು ಒಪ್ಪಿಗೆ ಆಗಲ್ಲ. ನಿಮ್ಮ ಎರಡು ಪುಟದ ಫಾರಂ ಎರಡನ್ನೂ ಒಟ್ಟಿಗೆ ಕೇಳ್ತಾ ಇರುತ್ತೆ, ಸಾಮಾನ್ಯವಾಗಿ ಈ ಫಾರಂಗಳೆಲ್ಲ ಹಾಗೇ ಇರೋದು.

ಪತ್ರ ಹೆಚ್ಚೂಕಮ್ಮಿ ಹೀಗಿರ್ಲಿ, ನಿಮ್ಮ ಕಡೆ ಮಾತಿಗೆ ತಕ್ಕ ಹಾಗೆ ತಿದ್ದಿಕೊಳ್ಳಿ:

"ಅಜ್ಜಿಯವರಿಗೆ ನಮಸ್ಕಾರ. ನಾನು ಇಂಥ ಊರಿನ ಇಂಥವರ ಮಗ. ನಿಮ್ಮ ಬೀದಿಯ ಇಂಥವರಿಗೆ ನನ್ನ ಪರಿಚಯ ಇದೆ, ನಾನ್ಯಾರು ಅಂತ ಅವರನ್ನ ಕೇಳ್ಬಹುದು.

ನಾನು ಸರ್ಕಾರದವನಲ್ಲ, ಡ್ಯಾಮ್ ಆಫೀಸಿನವನಲ್ಲ, ಯಾವ ಪಾರ್ಟಿಯವನೂ ಅಲ್ಲ, ಟಿವಿಯವನೂ ಅಲ್ಲ. ನನ್ನಿಂದ ನಿಮಗೆ ಪರಿಹಾರ, ಜಮೀನು, ಸೈಟು, ಪಿಂಚಣಿ ಯಾವುದೂ ಬರಲ್ಲ. ನನ್ನ ಹತ್ರ ಮಾತಾಡ್ದೆ ಇದ್ರೆ ನಿಮಗಿರೋದು ಏನೂ ಹೋಗಲ್ಲ.

ನಿಮ್ಮ ಹಳೇ ಊರು ಹೇಗಿತ್ತು, ಊರು ಬಿಟ್ಟಾಗ ಏನಾಯ್ತು, ಆಮೇಲೆ ಹೇಗೆ ಬದುಕಿದ್ರಿ, ಇದನ್ನ ನಿಮ್ಮ ಬಾಯಿಂದಾನೇ ಕೇಳಿ ನಿಮ್ಮ ದನಿನ ಒಂದು ಸಣ್ಣ ಮಿಷನ್ನಲ್ಲಿ ರೆಕಾರ್ಡ್ ಮಾಡ್ಬೇಕು ಅಂತ ಆಸೆ. ವಿಡಿಯೋ ತೆಗೆಯಲ್ಲ. ಒಂದ್ಸಲಕ್ಕೆ ಒಂದು ಗಂಟೆ ಮೀರಲ್ಲ, ಸುಸ್ತಾದ್ರೆ ಅಲ್ಲಿಗೇ ನಿಲ್ಸೋಣ. ಯಾವ ಪ್ರಶ್ನೆ ಬೇಡ ಅನ್ನಿಸಿದ್ರೂ 'ಅದು ಬೇಡ ಬಿಡು' ಅಂದ್ರೆ ಸಾಕು, ಯಾಕೆ ಅಂತ ಕೇಳಲ್ಲ.

ರೆಕಾರ್ಡ್ ಆಗಿದ್ದನ್ನ ಮೊದಲು ನಿಮಗೇ ಕೇಳಿಸ್ತೀನಿ. ಅಲ್ಲಿವರೆಗೂ ಯಾರಿಗೂ ಕೊಡಲ್ಲ. ಕೇಳಿದ ಮೇಲೆ ಯಾವುದನ್ನ ಎಲ್ರೂ ಕೇಳ್ಬಹುದು, ಯಾವುದನ್ನ ಸ್ವಲ್ಪ ಕಾಲ ಮುಚ್ಚಿಡ್ಬೇಕು, ಯಾವುದನ್ನ ಅಳಿಸ್ಬೇಕು ಅಂತ ನೀವೇ ಹೇಳಿ. ಆಮೇಲೆ ಅದು ಇಂಥ ಊರಿನ ಇಂಥ ಸಂಸ್ಥೆಗೆ ಹೋಗುತ್ತೆ. ಓದೋ ಮಕ್ಕಳು, ಚರಿತ್ರೆ ಬರೆಯೋರು ಅಲ್ಲಿಗೆ ಬಂದು ಕೇಳ್ತಾರೆ. ನಾವೆಲ್ಲ ಹೋದ ಮೇಲೂ ಅದು ಅಲ್ಲಿರುತ್ತೆ. ಇಂಟರ್ನೆಟ್ಟಿಗೆ ಹಾಕೋದು ನೀವು ಬೇರೆಯಾಗಿ ಹೂಂ ಅಂದ್ರೆ ಮಾತ್ರ. ಅಲ್ಲಿಗೆ ಹೋದ ಮಾತನ್ನ ನಾನೂ ವಾಪಸ್ ತರೋಕಾಗಲ್ಲ.

ಆ ಸಂಸ್ಥೆಗೆ ಕೊಡೋ ದಿನದವರೆಗೂ ನೀವು ಯಾವಾಗ ಬೇಕಾದ್ರೂ ಬೇಡ ಅನ್ನಬಹುದು, ಎಲ್ಲಾ ಅಳಿಸ್ತೀನಿ. ಕೋರ್ಟಿಂದ ಆರ್ಡರ್ ಬಂದ್ರೆ ಮುಚ್ಚಿಟ್ಟಿದ್ದನ್ನೂ ಕೊಡಬೇಕಾಗಬಹುದು. ಯಾರಿಗೂ ಗೊತ್ತಾಗಲೇಬಾರದು ಅನ್ನೋ ಮಾತಿದ್ರೆ ಮಿಷನ್ ಮುಂದೆ ಹೇಳ್ಬೇಡಿ.

ಇದಕ್ಕೆ ಸೈನು ಬೇಡ, ಹೆಬ್ಬೆಟ್ಟು ಬೇಡ. ಈ ಕಾಗದ ನಿಮ್ಮ ಹತ್ರಾನೇ ಇರ್ಲಿ. ನಿಮಗೆ ನಂಬಿಕೆ ಇರೋರ ಹತ್ರ ಇನ್ನೊಂದ್ಸಲ ಓದಿಸಿ. ಮುಂದಿನ ವಾರ ಬಂದು ಕೇಳ್ತೀನಿ. ನನ್ನ ಫೋನ್ ನಂಬರ್ ಕೆಳಗಿದೆ."

ಈಗ ಇದರಲ್ಲಿ ಕೆಲವು ಸಾಲು ಯಾಕೆ ಹಾಗಿವೆ ಅಂತ ಹೇಳ್ತೀನಿ.

ಏನೂ ಬರಲ್ಲ ಅನ್ನೋ ಮಾತು ಎರಡನೇ ಪ್ಯಾರಾದಲ್ಲೇ ಇದೆ ನೋಡಿ, ಅದನ್ನ ಕೆಳಗೆ ತಳ್ಳಬೇಡಿ. ನಿಮ್ಮ ಜಿಲ್ಲೇಲಿ ಎಚ್‌ಆರ್‌ಪಿ, ಅಂದ್ರೆ ಹೇಮಾವತಿ ಜಲಾಶಯ ಯೋಜನೆಯ ಜಮೀನಿನ ಫೈಲುಗಳು ಇವತ್ತಿಗೂ ಓಡಾಡ್ತಾ ಇವೆ, ಸಿಗಬೇಕಾದವರಿಗೆ ಸಿಕ್ಕಿಲ್ಲ ಅನ್ನೋ ಕೂಗು ನಿಂತಿಲ್ಲ, ಹಾಗಿರುವಾಗ ಹೊರಗಿಂದ ಒಬ್ಬ ಬಂದು ಮುಳುಗಡೆ ವಿಷಯ ಕೇಳ್ತಾನೆ ಅಂದ್ರೆ ಆ ಹಿರಿಯರ ಮನಸ್ಸು ಎಲ್ಲಿಗೆ ಹೋಗುತ್ತೆ ಹೇಳಿ. ಬಾಯಲ್ಲಿ ಸರಿ ಸರಿ ಅಂದ್ರೂ ಒಳಗೆ ಆಸೆ ಇಟ್ಕೊಂಡಿರ್ತಾರೆ. ಅದು ಗೊತ್ತಾಗೋದು ಹೇಗೆ ಅಂದ್ರೆ, ನೀವು ಕೂತ ಸ್ವಲ್ಪ ಹೊತ್ತಿಗೆ ತಾತ ಒಳಗೆ ಹೋಗಿ ಟ್ರಂಕಿಂದ ಒಂದು ಪ್ಲಾಸ್ಟಿಕ್ ಕವರ್ ತರ್ತಾರೆ, ಒಳಗೆ ಹಳೇ ಪಹಣಿ, ನೋಟಿಸು, ಮಡಿಕೆ ಬಿದ್ದ ಕಡೆಯೆಲ್ಲಾ ಹರಿದಿರೋ ಪರಿಹಾರದ ಕಾಗದ, ಒಂದೊಂದಾಗಿ ನಿಮ್ಮ ಮುಂದೆ ಹಾಸ್ತಾರೆ, ಸರ್ವೆ ನಂಬರ್ ಮೇಲೆ ಬೆರಳಿಟ್ಟು ನಿಮ್ಮ ಮುಖ ನೋಡ್ತಾರೆ. ಆ ಕವರ್ ಹೊರಗೆ ಬಂತು ಅಂದ್ರೆ ನಿಮ್ಮ ಪತ್ರ ಅವರಿಗೆ ತಲುಪಿಲ್ಲ. ಅವತ್ತು ರೆಕಾರ್ಡರ್ ಆನ್ ಮಾಡ್ಬೇಡಿ, ಕಾಗದಗಳ ಫೋಟೋನೂ ತೆಗೀಬೇಡಿ, ಫೋಟೋ ತೆಗೆದ್ರೆ ಅರ್ಜಿ ಹಾಕ್ತಾನೆ ಅನ್ನೋ ನಂಬಿಕೆ ಇನ್ನೂ ಗಟ್ಟಿ ಆಗುತ್ತೆ. "ತಾತ, ಇದನ್ನ ಮಾಡಿಸಿಕೊಡೋ ಶಕ್ತಿ ನನಗಿಲ್ಲ, ಇದಕ್ಕೆ ತಾಲ್ಲೂಕು ಕಚೇರಿಗೆ ಹೋಗ್ಬೇಕು" ಅಂತ ನೇರವಾಗಿ ಹೇಳಿ, ಕಾಫಿ ಕುಡಿದು ಎದ್ದು ಬನ್ನಿ. ಇನ್ನೊಂದಿನ ಹೋದಾಗ್ಲೂ ಅವರು ಮಾತಾಡ್ತೀನಿ ಅಂದ್ರೆ ಆಗ ಅದು ನಿಜವಾದ ಒಪ್ಪಿಗೆ.

ಇದೇ ಕಾರಣಕ್ಕೆ ಪತ್ರನ ಪಂಚಾಯ್ತಿ ಮೆಂಬರ್ ಕೈಯಲ್ಲಿ ಹಂಚಿಸ್ಬೇಡಿ, ಸರ್ಕಾರದ ಕಾಗದ ಆಗ್ಬಿಡುತ್ತೆ. ಜೊತೆಗೆ ಮೆಂಬರ್ ತೋರಿಸೋ ಮನೆಗಳು ಜಮೀನಿದ್ದೋರ ಮನೆಗಳೇ ಆಗಿರ್ತಾವೆ. ಆ ಜಮೀನಲ್ಲಿ ಕೂಲಿ ಮಾಡ್ಕೊಂಡಿದ್ದವರೂ ಊರು ಕಳ್ಕೊಂಡಿದಾರೆ, ಆದ್ರೆ ಅವರ ಹೆಸರು ಪಹಣೀಲಿ ಇರ್ಲಿಲ್ಲ. ಆ ಕೇರಿಗೆ ನೀವೇ ನಡ್ಕೊಂಡು ಹೋಗಿ ಪತ್ರ ಕೊಡಿ. ಶೆಟ್ಟಿಹಳ್ಳಿ ಚರ್ಚ್ ಸುತ್ತಮುತ್ತ ಮಾಡ್ತೀರಾದ್ರೆ ಒಂದು ಮಾತು, ಅಲ್ಲಿ ನೀರಲ್ಲಿ ಮುಳುಗೋ ಚರ್ಚಿನ ಫೋಟೋ, ರೀಲ್ಸ್ ಮಾಡೋಕೆ ಜನ ಬರ್ತಾನೇ ಇರ್ತಾರೆ, ನಿಮ್ಮನ್ನೂ ಅವರಲ್ಲೊಬ್ಬ ಅಂದ್ಕೊಳ್ಳೋದು ಸಹಜ, ಅದಕ್ಕೇ ವಿಡಿಯೋ ಇಲ್ಲ ಅನ್ನೋ ಸಾಲು ಪತ್ರದಲ್ಲಿ ಹಾಕಿದೀನಿ.

ಕೋರ್ಟಿನ ಸಾಲನ್ನ ನೋಡಿ ಬಹಳ ಜನ ಇದ್ಯಾಕೆ, ಹೆದರ್ತಾರೆ ಅಂತಾರೆ. ನಾನು ಮಾತ್ರ ಬಿಡಲ್ಲ. ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ಕಾನೂನಿನ ರಕ್ಷಣೆ ಇದೆ, ನಿಮ್ಮ ರೆಕಾರ್ಡಿಂಗಿಗೆ ಅಂಥದ್ದಿಲ್ಲ. ಮುಳುಗಡೆ ಮನೆಗಳಲ್ಲಿ ಅಣ್ಣತಮ್ಮಂದಿರ ಪಾಲಿನ ಕೇಸು ಇರೋದು ಹೊಸದೇನಲ್ಲ, ಇವರ ಭೂಮಿಗೆ ಬಂದ ಪರಿಹಾರ ಯಾರ ಹೆಸರಿಗೆ ಬಂತು, ಬದಲಿ ಜಮೀನು ಯಾರ ಹೆಸರಿಗೆ ಮಂಜೂರಾಯ್ತು ಅನ್ನೋದೇ ಜಗಳ. ತೀರಿಹೋದವರು ಸಂಬಂಧದ ಬಗ್ಗೆಯೋ ತಮ್ಮ ಲಾಭಕ್ಕೆ ವಿರುದ್ಧವಾಗಿಯೋ ಹೇಳಿದ ಮಾತು ಕೆಲವು ಸಂದರ್ಭದಲ್ಲಿ ಸಾಕ್ಷಿಯಾಗಿ ಬರಬಹುದು ಅಂತ 2023ರ ಸಾಕ್ಷ್ಯ ಅಧಿನಿಯಮದ 26ನೇ ಸೆಕ್ಷನ್ನಲ್ಲಿದೆ, ಹಳೇ ಕಾನೂನಲ್ಲಿ ಅದೇ 32ನೇ ಸೆಕ್ಷನ್. ಅಂದ್ರೆ ನೀವು "ಯಾರಿಗೂ ಹೇಳಲ್ಲ ಅಜ್ಜಿ" ಅಂತ ಮಾತು ಕೊಟ್ಟು, ಅವರು ಹೋದ ಮೇಲೆ ಆ ದನಿ ಮಗಳ ವಿರುದ್ಧವೋ ಮಗನ ವಿರುದ್ಧವೋ ಕೋರ್ಟಲ್ಲಿ ಕೇಳೋ ಸಾಧ್ಯತೆ ಇದೆ. ಉಳಿಸಿಕೊಳ್ಳೋಕೆ ಆಗದ ಮಾತು ಕೊಡಬಾರದು. ಮಿಷನ್ ಮುಂದೆ ಹೇಳ್ಬೇಡಿ ಅನ್ನೋದು ಅವರ ಕೈಯಲ್ಲಿರೋ ನಿಜವಾದ ರಕ್ಷಣೆ, ಅದಕ್ಕೆ ಶುರು ಮಾಡೋಕೆ ಮುಂಚೆ ರೆಕಾರ್ಡರ್ ಅವರ ಕೈಗೇ ಕೊಡಿ, ಕೆಂಪು ದೀಪ ಹತ್ತಿದ್ರೆ ಕೇಳಿಸ್ಕೊಳ್ತಿದೆ, ಆರಿದ್ರೆ ಇಲ್ಲ ಅಂತ ತೋರಿಸಿ, ಒಂದೆರಡು ಸಲ ಅವರೇ ಒತ್ತಿ ನಿಲ್ಲಿಸ್ಲಿ. ನಿಲ್ಲಿಸೋದು ತನ್ನ ಕೈಲೂ ಆಗುತ್ತೆ ಅಂತ ಬೆರಳಿಗೆ ಗೊತ್ತಾಗ್ಬೇಕು.

ಎರಡನೇ ಭೇಟೀಲಿ ಒಪ್ಪಿಗೆನ ದನಿಯಲ್ಲೇ ತಗೊಳ್ಳಿ. ರೆಕಾರ್ಡರ್ ಆನ್ ಮಾಡಿ ತಾರೀಖು, ಊರು, ಇಬ್ಬರ ಹೆಸರು ಹೇಳಿ, ಆಮೇಲೆ "ಒಪ್ಪಿಗೆನಾ ಅಜ್ಜಿ" ಅಂತ ಕೇಳ್ಬೇಡಿ, ಅದಕ್ಕೆ ಹೂಂ ಬಿಟ್ಟು ಬೇರೆ ಉತ್ತರ ಬರಲ್ಲ. "ನಾನು ಯಾಕೆ ಬಂದಿದೀನಿ, ನಿಮ್ಮ ಮಾತು ಎಲ್ಲಿಗೆ ಹೋಗುತ್ತೆ, ನಿಮಗೆ ಅರ್ಥ ಆಗಿದ್ದನ್ನ ನೀವೇ ಹೇಳಿ" ಅನ್ನಿ. "ನಮ್ಮೂರು ಮುಳುಗಿದ ಕತೆ ಕೇಳಕ್ಕೆ ಬಂದಿದೀಯ, ಅದನ್ನ ಮೈಸೂರಲ್ಲಿ ಇಡ್ತೀಯಂತೆ, ದುಡ್ಡುಗಿಡ್ಡು ಏನಿಲ್ಲವಂತೆ" ಅಂದ್ರೆ ಸಾಕು, ಇದಕ್ಕಿಂತ ಒಳ್ಳೆ ಒಪ್ಪಿಗೆ ಪತ್ರ ಇನ್ನೊಂದಿಲ್ಲ. ಏನೋ ಗೊತ್ತಿಲ್ಲ ಕಣಪ್ಪ, ಮಗನ್ನ ಕೇಳು ಅಂದ್ರೆ ಇನ್ನೊಂದ್ಸಲ ಹೇಳಿ, ಇನ್ನೊಂದಿನ ಬಂದು ಮತ್ತೆ ಕೇಳಿ. ಎರಡು ಬೇರೆ ಬೇರೆ ದಿನ ಕೇಳಿದ್ರೂ ನೀವ್ಯಾರು ಅಂತ ನೆನಪಿಲ್ಲ ಅಂದ್ರೆ ಮರೆವಿನ ತೊಂದರೆ ಇರಬಹುದು, ಅಲ್ಲಿಗೆ ಬಿಟ್ಬಿಡಿ, ಮಗ ಒಪ್ಪಿದ ಅಂತ ಮುಂದುವರೀಬೇಡಿ. ಮಗ ಪಕ್ಕದಲ್ಲೇ ಕೂತು "ಮಾಡ್ಕೊಳ್ಳಿ ಸರ್, ನಮ್ಮವ್ವ ಎಲ್ಲಾ ಹೇಳ್ತಾಳೆ" ಅನ್ನೋದೂ ಒಪ್ಪಿಗೆ ಅಲ್ಲ, ಪ್ರತಿ ಉತ್ತರಕ್ಕೂ ಅಜ್ಜಿ ಅವನ ಮುಖ ನೋಡ್ತಿದ್ರೆ ಅವನು ಕೆಲಸಕ್ಕೆ ಹೋದ ಹೊತ್ತಲ್ಲಿ, ನಿಮ್ಮ ಜೊತೆ ಒಬ್ಬ ಹೆಣ್ಮಗಳನ್ನ ಕರ್ಕೊಂಡು ಹೋಗಿ. ಆರ್ಕೈವ್‌ನವರಿಗೆ ಕಾಗದವೂ ಬೇಕೇಬೇಕು ಅಂದ್ರೆ ನೀವೂ ಒಬ್ಬ ಸಾಕ್ಷಿನೂ ಸೈನ್ ಮಾಡಿ, ದನಿಯಲ್ಲಿ ಒಪ್ಪಿಗೆ ಇದೆ ಅಂತ ಬರೀರಿ, ಸಾಕ್ಷಿ ಯಾರಾಗ್ಬೇಕು ಅನ್ನೋದನ್ನ ಅಜ್ಜಿ ಆರಿಸ್ಲಿ.

ಇನ್ನು ರೆಕಾರ್ಡ್ ಆದ ಮೇಲಿನ ಒಪ್ಪಿಗೆ. ನಿಜವಾದ ಕೆಲಸ ಇರೋದು ಇಲ್ಲೇ, ಜನ ಬಿಟ್ಟುಬಿಡೋದೂ ಇದನ್ನೇ. ಒಂದು ಉದಾಹರಣೆ ಇಟ್ಕೊಂಡು ನೋಡೋಣ. ಒಬ್ಬ ಅಜ್ಜಿ ಒಂದು ಗಂಟೆ ಮಾತಾಡಿದಾರೆ. ಹಳೇ ಊರಿನ ಹಬ್ಬ, ಹೇಮಾವತಿ ಹೊಳೆ, ಗಾಡಿ ಮೇಲೆ ಬಾಗಿಲು ಕಿಟಕಿ ಕಿತ್ಕೊಂಡು ಹೊರಟಿದ್ದು ಎಲ್ಲಾ ಬಂತು. 41ನೇ ನಿಮಿಷದಲ್ಲಿ ಗಂಡ ತೀರಿಹೋದ ವಿಷಯ ಬಂದು, ಪರಿಹಾರದ ದುಡ್ಡೆಲ್ಲ ಮೈದುನನೇ ತಗೊಂಡ, ನನಗೂ ಮಕ್ಕಳಿಗೂ ಒಂದು ಬಿಡಿಗಾಸು ಕೊಡ್ಲಿಲ್ಲ ಅಂತ ಹೆಸರು ಹಿಡಿದು ಹೇಳಿ ಅಳ್ತಾರೆ. 46ನೇ ನಿಮಿಷಕ್ಕೆ ಮಾತು ಬೇರೆ ಕಡೆ ಹೋಗುತ್ತೆ. ಮೈದುನ ಈಗಿಲ್ಲ, ಅವನ ಮಕ್ಕಳು ಅದೇ ಬೀದೀಲಿದಾರೆ, ಅಜ್ಜಿಗೆ ಹುಷಾರಿಲ್ಲ ಅಂದ್ರೆ ಆಟೋ ತರೋದೂ ಅವರೇ.

ಹೆಸರು ಬದಲಾಯಿಸಿದ್ರೆ ಆಯ್ತಲ್ಲ ಅಂತೀರಾ, ಆಗಲ್ಲ. ಐವತ್ತು ಮನೆ ಊರಲ್ಲಿ ದನಿ ಕೇಳಿದ್ರೆ ಯಾರು ಅಂತ ಮಕ್ಕಳೂ ಹೇಳ್ತಾರೆ. ಮೇಲಾಗಿ ಈ ಹಿರಿಯರಲ್ಲಿ ಎಷ್ಟೋ ಜನಕ್ಕೆ ತಮ್ಮ ಹೆಸರು ಇರ್ಲಿ ಅಂತಾನೇ ಆಸೆ, ಅದನ್ನ ಕೇಳದೆ ತೆಗೆದು ಹಾಕೋದು ತಪ್ಪು. ಹೆಸರು ಇಟ್ಟು ಆ ಐದು ನಿಮಿಷ ಮುಚ್ಚೋದು ಒಳ್ಳೇದು. ಅಜ್ಜಿಗೆ ಪೂರ್ತಿ ಒಂದು ಗಂಟೆ ಕೇಳಿಸಿಕೊಳ್ಳೋ ತಾಳ್ಮೆ ಇಲ್ಲದಿದ್ರೆ ಆ ಐದು ನಿಮಿಷವನ್ನಾದ್ರೂ ಕೇಳಿಸಲೇಬೇಕು, ಅದೂ ಮನೇಲಿ ಬೇರೆ ಯಾರೂ ಇಲ್ಲದಾಗ, ಸ್ಪೀಕರಲ್ಲಿ ಬೇಡ, ಹೆಡ್‌ಫೋನ್ ಹಾಕಿ. ಆಮೇಲೆ ನಾಲ್ಕು ದಾರಿ ಹೇಳಿ: ಹಾಗೇ ಎಲ್ರೂ ಕೇಳ್ಲಿ, ಆ ಸಂಸ್ಥೆಗೆ ಬಂದು ಕೂತು ಕೇಳೋರು ಮಾತ್ರ ಕೇಳ್ಲಿ, ನಾನಿರೋವರೆಗೂ ಅದಾದ ಮೇಲೂ ಇಷ್ಟು ವರ್ಷ ಮುಚ್ಚಿರ್ಲಿ, ಇಲ್ಲಾ ಅಳಿಸಿಬಿಡು. ನಮ್ಮ ಅಜ್ಜಿ ಅಂದ್ಕೊಳ್ಳಿ, "ನಾನು ಹೇಳಿದ್ದು ನಿಜ, ಅಳಿಸ್ಬೇಡ, ಆದ್ರೆ ಆ ಹುಡುಗ್ರು ಕೇಳೋದು ಬೇಡ" ಅಂತಾರೆ. ಆಗ ಮಾಸ್ಟರ್ ಫೈಲ್ ಪೂರ್ತಿ ಇರುತ್ತೆ, ಅದನ್ನ ಮುಟ್ಟಬಾರದು. ಜನ ಕೇಳೋ ಕಾಪೀಲಿ 41ರಿಂದ 46ನೇ ನಿಮಿಷದವರೆಗೆ ತೆಗೆದು ಅಲ್ಲಿ "ಹೇಳಿದವರ ಇಚ್ಛೆಯಂತೆ ಈ ಭಾಗ ಮುಚ್ಚಲಾಗಿದೆ" ಅಂತ ನಿಮ್ಮ ದನಿಯಲ್ಲಿ ಸೇರಿಸಿ, ಸುಮ್ನೆ ಕತ್ತರಿಸಿ ಅಂಟಿಸಿದ್ರೆ ಮುಂದೆ ಕೇಳೋರಿಗೆ ಇಲ್ಲೇನೋ ಇತ್ತು ಅಂತಾನೇ ಗೊತ್ತಾಗಲ್ಲ. ಯಾವ ತಾರೀಖಿಗೆ ತೆರೀಬೇಕು ಅನ್ನೋದನ್ನ ವಿವರದ ಶೀಟಲ್ಲಿ ಬರೀರಿ, "ತೀರಿಹೋದ ಮೇಲೆ" ಅಂತಷ್ಟೇ ಬರೆದ್ರೆ ಆರ್ಕೈವ್‌ನವರಿಗೆ ಅದು ಯಾವಾಗ ಅಂತ ತಿಳಿಯೋದು ಹೇಗೆ, ಒಂದು ವರ್ಷ ಹಾಕ್ಲೇಬೇಕು. ಮಾನಹಾನಿ ಕಾನೂನು ತೀರಿಹೋದವರ ವಿಷಯಕ್ಕೂ ಬರುತ್ತೆ ಅನ್ನೋದು ನೆನಪಿರ್ಲಿ, ಮನೆಯವರಿಗೆ ನೋವಾಗೋ ಉದ್ದೇಶ ಇತ್ತು ಅಂತ ಅವರು ಹೇಳ್ಬಹುದು, ಅಂಥ ಕೇಸು ಬಂದ್ರೆ ಅಜ್ಜಿ ಜೊತೆ ನೀವೂ ಇರ್ತೀರಿ.

ಇದರಲ್ಲೇ ಇನ್ನೊಂದು ಸೂಕ್ಷ್ಮ ಇದೆ, ಮನೆಗೆ ಕೊಡೋ ಕಾಪಿ. ಕೊಡಲೇಬೇಕು, ಅವರ ಮಾತು ಅವರಿಗೆ ಸಿಗಬೇಕು. ಪೆನ್‌ಡ್ರೈವ್ ಕೊಟ್ರೆ ಹಾಕೋಕೆ ಕಂಪ್ಯೂಟರ್ ಎಲ್ಲಿದೆ, ಬಟನ್ ಫೋನಿಗೆ ಹಾಕಿ ಪದ ಕೇಳ್ತಾರಲ್ಲ, ಆ ಮೆಮೊರಿ ಕಾರ್ಡಲ್ಲಿ ಎಂಪಿ3 ಮಾಡಿ ಕೊಡಿ, ಗಂಟೆಗೆ 60 ಎಂಬಿ ಒಳಗೇ ಆಗುತ್ತೆ. ನಿಮ್ಮ ಮಾಸ್ಟರ್ ಬೇರೆ, ಅದು 48 ಕಿಲೋಹರ್ಟ್ಸ್ 24 ಬಿಟ್ ವೇವ್ ಫೈಲ್, ಮೋನೋ ಆದ್ರೂ ಗಂಟೆಗೆ ಸುಮಾರು 500 ಎಂಬಿ. ಆದ್ರೆ ಆ ಮೆಮೊರಿ ಕಾರ್ಡ್ ಸಂಜೆಗೆ ಮೊಮ್ಮಗನ ಫೋನಲ್ಲಿರುತ್ತೆ, ರಾತ್ರಿಗೆ ವಾಟ್ಸಾಪ್ ಗ್ರೂಪಲ್ಲಿರುತ್ತೆ. ಆರ್ಕೈವ್‌ನಲ್ಲಿ ಭದ್ರವಾಗಿ ಮುಚ್ಚಿಟ್ಟ ಐದು ನಿಮಿಷ ಅಜ್ಜಿ ಮನೆಯಿಂದಾನೇ ಊರೆಲ್ಲ ಸುತ್ತುತ್ತೆ. ಅದಕ್ಕೆ ಮನೆ ಕಾಪೀಲಿ ಆ ಭಾಗ ಇರ್ಬೇಕಾ ಬೇಡ್ವಾ ಅಂತ ಬೇರೆಯಾಗಿ ಕೇಳಿ, ಬೇಡ ಅಂದ್ರೆ ಜನ ಕೇಳೋ ಕಾಪೀನೇ ಕೊಡಿ.

ಅಜ್ಜಿ ಮಧ್ಯೆ ಸೋಬಾನೆ ಪದ ಹಾಡಿದ್ರೆ ಅದನ್ನೂ ಬೇರೆಯಾಗಿ ಕೇಳಿಕೊಳ್ಳಿ. ಹಾಡಿದವರಿಗೆ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿರುತ್ತೆ, ಕಥೆ ಹೇಳೋಕೆ ಒಪ್ಪಿದಾರೆ ಅಂತ ಹಾಡನ್ನ ಯಾರೋ ಸಿನಿಮಾಗೆ ತಗೊಳ್ಳೋ ಹಾಗಾಗ್ಬಾರ್ದು. ಹಾಗೇ, ಮುಂದೆ ಏನಾದ್ರೂ ಕೇಳ್ಬೇಕಾದ್ರೆ ನಿಮ್ಮ ಪರವಾಗಿ ಯಾರನ್ನ ಕೇಳ್ಲಿ ಅಂತಾನೂ ಕೇಳಿ. ದೊಡ್ಡ ಮಗನ ಹೆಸರೇ ಬರುತ್ತೆ ಅಂದ್ಕೋಬೇಡಿ, ಎಷ್ಟೋ ಸಲ ಮದುವೆಯಾಗಿ ಹೋದ ಮಗಳ ಹೆಸರು ಹೇಳ್ತಾರೆ, ಹೇಳಿದ್ದನ್ನೇ ಬರ್ಕೊಳ್ಳಿ.

ಈ ಪತ್ರ ಪ್ರಿಂಟ್ ಹಾಕಿಸೋಕೆ ಮುಂಚೆ ಆ ಆರ್ಕೈವ್‌ನವರಿಗೆ ಮೂರು ವಿಷಯ ಬರವಣಿಗೆಯಲ್ಲಿ ಕೇಳಿ: ರೆಕಾರ್ಡಿಂಗಿನ ಒಂದು ಭಾಗ ಮಾತ್ರ ಮುಚ್ಚಿಡೋ ವ್ಯವಸ್ಥೆ ನಿಮ್ಮಲ್ಲಿದೆಯಾ, ಸೈನ್ ಬದಲು ದನಿಯಲ್ಲಿ ಕೊಟ್ಟ ಒಪ್ಪಿಗೆ ನಡೆಯುತ್ತಾ, ಕೊಟ್ಟ ಮೇಲೆ ವಾಪಸ್ ಕೇಳಿದ್ರೆ ಏನ್ಮಾಡ್ತೀರಾ. ಮೊದಲನೆಯದಕ್ಕೆ ಇಲ್ಲ ಅಂದ್ರೆ, ಮುಚ್ಚಬೇಕಾದ ಮಾತಿರೋ ರೆಕಾರ್ಡಿಂಗ್ ಅವರಿಗೆ ಕೊಡೋ ಹಾಗಿಲ್ಲ, ಆಗ ಪತ್ರದಲ್ಲಿ ಮುಚ್ಚಿಡ್ತೀನಿ ಅನ್ನೋ ಸಾಲನ್ನ ತೆಗೀಬೇಡಿ, ಬೇರೆ ಆರ್ಕೈವ್ ಹುಡುಕಿ.